ರಬ್ಬರ್ ಬ್ಯಾಂಡ್ ಎಳೆದರೂ ದನಿ ಏರಲಿಲ್ಲ. ಎಲ್ಲಿ ತಪ್ಪಿದೆ?

ತುಮಕೂರು ಟೀಚರ್

ಎಲ್ಲರಿಗೂ ನಮಸ್ಕಾರ. ಹೋದ ಶನಿವಾರ ನಡೆದದ್ದನ್ನು ಹೇಳುತ್ತೇನೆ, ದಯವಿಟ್ಟು ದಾರಿ ತೋರಿಸಿ.

ನಮ್ಮದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಆರನೇ ತರಗತಿಯಲ್ಲಿ 34 ಮಕ್ಕಳು. ಶಬ್ದ ಹುಟ್ಟುವುದು ಕಂಪನದಿಂದ ಅನ್ನುವುದನ್ನು ಬಾಯಲ್ಲಿ ಹೇಳುವ ಬದಲು ಕೈಯಲ್ಲೇ ಮಾಡಿಸೋಣ ಅಂತ ರಬ್ಬರ್ ಬ್ಯಾಂಡ್, ಶ್ರುತಿ ಕವೆ, ಬೆಂಕಿಪೊಟ್ಟಣದ ಫೋನು, ಮೂರನ್ನೂ ಜೋಡಿಸಿಕೊಂಡಿದ್ದೆ. ರಬ್ಬರ್ ಬ್ಯಾಂಡಿನಲ್ಲೇ ಎಡವಿದೆ.

ಒಂದು ಹಲಗೆಗೆ ಎರಡು ಮೊಳೆ ಹೊಡೆದಿದ್ದೆ, ನಡುವೆ 15 ಸೆಂ.ಮೀ. ಅದರ ಪಕ್ಕದಲ್ಲಿ ಇನ್ನೆರಡು ಮೊಳೆ, ನಡುವೆ 20 ಸೆಂ.ಮೀ. ಎರಡಕ್ಕೂ ಒಂದೇ ಥರದ ರಬ್ಬರ್ ಬ್ಯಾಂಡ್. ಎಳೆಯದೆ ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟರೆ ಅದು 5 ಸೆಂ.ಮೀ. ಉದ್ದ ಬರುತ್ತದೆ. "ಜಾಸ್ತಿ ಎಳೆದಷ್ಟೂ ದನಿ ಏರುತ್ತದೆ" ಅಂತ ಬೋರ್ಡಿನ ಮೇಲೆ ಮೊದಲೇ ಬರೆದಿದ್ದೆ. ಎರಡನ್ನೂ ಮೀಟಿ ತೋರಿಸಿ "ದನಿ ಏರಿತಾ?" ಅಂತ ಕೇಳಿದೆ. ಎಲ್ಲರೂ ಒಟ್ಟಿಗೆ "ಏರಿತು ಟೀಚರ್" ಅಂದರು. ಹಿಂದಿನ ಬೆಂಚಿನ ಒಬ್ಬಳು ಮಾತ್ರ "ಟೀಚರ್, ಎರಡೂ ಒಂದೇ ಥರ ಇದೆಯಲ್ಲ" ಅಂದಳು.

ನಾನು ಮತ್ತೆ ಮೀಟಿದೆ. ಅವಳು ಹೇಳಿದ್ದೇ ಸರಿ. ನನ್ನ ಕಿವಿಗೂ ಹೆಚ್ಚುಕಡಿಮೆ ಒಂದೇ ಥರ ಕೇಳಿಸಿತು. ಉಳಿದವರು ಬೋರ್ಡ್ ನೋಡಿ ಉತ್ತರ ಹೇಳಿದ್ದರು. ಅವಳಿಗೆ ಏನು ಹೇಳಬೇಕೋ ತಿಳಿಯದೆ ಶ್ರುತಿ ಕವೆಯ ಕಡೆಗೆ ಹೋಗಿಬಿಟ್ಟೆ. ಆ ಮಗುವಿಗೆ ಸರಿಯಾದ ಉತ್ತರ ಕೊಡಬೇಕು ನಾನು. ಹೀಗೆ ಯಾಕಾಯಿತು?

ಬಿ.ಇಡಿ. ಎರಡನೇ ವರ್ಷ

ಮೇಡಂ, ಬಿಗಿತ ಹೆಚ್ಚಾದರೆ ಸ್ಥಾಯಿ ಹೆಚ್ಚಲೇಬೇಕು, ಅದು ನಿಯಮ. ನಿಮ್ಮ ಬ್ಯಾಂಡ್ ಹಳೆಯದಾಗಿ ಸಡಿಲ ಆಗಿರಬೇಕು. ಇಲ್ಲವೇ ಎರಡನೆಯದನ್ನು ಮೆತ್ತಗೆ ಮೀಟಿರಬೇಕು. ಹೊಸ ಬ್ಯಾಂಡ್ ತಂದು ಗಟ್ಟಿಯಾಗಿ ಮೀಟಿ ನೋಡಿ.

ಇನ್ನೊಂದು ಸಲಹೆ. ಮೊಬೈಲಿನಲ್ಲಿ ಮೀಟಿದ ಬ್ಯಾಂಡಿನ ವಿಡಿಯೋ ತೆಗೆಯಿರಿ. ಬ್ಯಾಂಡಿನ ಉದ್ದಕ್ಕೂ ಹಾವಿನ ಥರ ಅಲೆಗಳು ಕಾಣಿಸುತ್ತವೆ. ಶಬ್ದದ ಅಲೆ ಅಂದರೆ ಏನು ಅಂತ ಮಕ್ಕಳಿಗೆ ಕಣ್ಣಾರೆ ತೋರಿಸಬಹುದು.

ಮೂರನೇ ಮಹಡಿ ಅಪ್ಪ

ಮೇಡಂ, ನಮ್ಮ ಮನೆಯಲ್ಲೂ ಇದೇ ಸಮಸ್ಯೆ, ದನಿ ಏರುತ್ತಿಲ್ಲ. ಮಗಳು ದಾರದ ಫೋನು ಮಾಡಿದ್ದಾಳೆ. ನಾವಿರುವುದು ಬೆಂಗಳೂರಿನಲ್ಲಿ, ಮೂರನೇ ಮಹಡಿ. ಅವಳು ಕೆಳಗೆ ಗೇಟಿನ ಹತ್ತಿರ ನಿಂತು ಮಾತಾಡಿದರೆ ಮೇಲೆ ಏನೂ ಕೇಳಿಸುವುದಿಲ್ಲ. ಎಷ್ಟು ಜೋರಾಗಿ ಕೂಗಿದರೂ ಅಷ್ಟೇ. ಪ್ಲಾಸ್ಟಿಕ್ ಲೋಟ, ಮನೆಯಲ್ಲಿದ್ದ ಉಲ್ಲನ್ ದಾರ. ದೊಡ್ಡ ಲೋಟ ಹಾಕಿದರೆ ದನಿ ಏರುತ್ತದಾ?

ನಿವೃತ್ತ ಭೌತಶಾಸ್ತ್ರ ಮೇಷ್ಟ್ರು

ಅಪ್ಪನವರೇ, ನಿಮ್ಮ ಸಮಸ್ಯೆ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಟೀಚರಮ್ಮನ ಪ್ರಶ್ನೆ.

ಹಿಂದಿನ ಬೆಂಚಿನ ಆ ಹುಡುಗಿ ಸರಿಯಾಗಿ ಕೇಳಿಸಿಕೊಂಡಿದ್ದಾಳೆ. ಬ್ಯಾಂಡೂ ಸರಿ ಇದೆ, ನೀವು ಮೀಟಿದ್ದೂ ಸರಿ ಇದೆ. ನಿಮ್ಮ ಮೊಳೆಗಳು ಒಂದರ ಬದಲು ಮೂರು ಸಂಗತಿಗಳನ್ನು ಒಟ್ಟಿಗೆ ಬದಲಾಯಿಸಿವೆ.

ಬ್ಯಾಂಡನ್ನು 15ರಿಂದ 20ಕ್ಕೆ ಎಳೆದಾಗ ಬಿಗಿತ ಹೆಚ್ಚಾಯಿತು. ಇದು ಸ್ಥಾಯಿಯನ್ನು ಮೇಲಕ್ಕೆ ತಳ್ಳುತ್ತದೆ. ಬ್ಯಾಂಡ್ ತೆಳ್ಳಗೂ ಆಯಿತು. ಅಂದರೆ ಪ್ರತಿ ಸೆಂಟಿಮೀಟರಿಗೆ ತೂಕ ಕಡಿಮೆ. ಇದೂ ಮೇಲಕ್ಕೇ ತಳ್ಳುತ್ತದೆ. ಆದರೆ ನಡುಗುವ ಭಾಗ ಉದ್ದ ಆಯಿತು. ಇದು ಸ್ಥಾಯಿಯನ್ನು ಕೆಳಕ್ಕೆ ಎಳೆಯುತ್ತದೆ. ಮೇಲಕ್ಕೆ ತಳ್ಳುವುದೂ ಕೆಳಕ್ಕೆ ಎಳೆಯುವುದೂ ಹೆಚ್ಚುಕಡಿಮೆ ಸಮ ಆದಾಗ ಕಿವಿಗೆ ವ್ಯತ್ಯಾಸ ಸಿಗುವುದಿಲ್ಲ.

ಎಷ್ಟು ಸಮ ಆಗುತ್ತದೆ ಅಂತ ಲೆಕ್ಕ ಹಾಕಬಹುದು. ರಬ್ಬರು ಸ್ಪ್ರಿಂಗಿನ ಥರ ಎಳೆತಕ್ಕೆ ತಕ್ಕಂತೆ ಬಿಗಿಯುತ್ತದೆ ಅಂದುಕೊಳ್ಳಿ. ಎಳೆಯದ ಉದ್ದ 5 ಸೆಂ.ಮೀ. ಅದನ್ನು 7ರಿಂದ 10ಕ್ಕೆ ಎಳೆದರೆ ಸೆಕೆಂಡಿಗೆ ಆಗುವ ಕಂಪನಗಳ ಸಂಖ್ಯೆ ಸುಮಾರು ಶೇ 32 ಹೆಚ್ಚುತ್ತದೆ. 10ರಿಂದ 15ಕ್ಕೆ ಎಳೆದರೆ ಶೇ 15. ನೀವು ಮಾಡಿದ ಹಾಗೆ 15ರಿಂದ 20ಕ್ಕೆ ಎಳೆದರೆ ಬರೀ ಶೇ 6. ಅದರಿಂದಾಚೆಗೆ ಇನ್ನೂ ಕಡಿಮೆ. ನಿಜವಾದ ರಬ್ಬರು ಸ್ಪ್ರಿಂಗಿನಷ್ಟು ಶಿಸ್ತಿನದ್ದಲ್ಲ. ನಡುವೆ ಮೆತ್ತಗಾಗುತ್ತದೆ, ಕಿತ್ತುಹೋಗುವ ಹತ್ತಿರ ಬಂದಾಗ ಮತ್ತೆ ಗಡಸಾಗುತ್ತದೆ. ಹಾಗಾಗಿ ಕೆಲವು ಬ್ಯಾಂಡುಗಳಲ್ಲಿ ಆ ಶೇ 6 ಕೂಡ ಸಿಗುವುದಿಲ್ಲ.

ಬಿ.ಇಡಿ. ತಮ್ಮಾ, ನೀನು ಹೇಳಿದ ನಿಯಮ ಸರಿಯೇ. ಆದರೆ ಅದು ಉದ್ದ ಬದಲಾಗದೆ ಇದ್ದಾಗ. ಆ ಅರ್ಧ ವಾಕ್ಯವನ್ನು ಬಿಟ್ಟುಬಿಟ್ಟರೆ ಹೀಗಾಗುತ್ತದೆ. ಗಟ್ಟಿಯಾಗಿ ಮೀಟಿದರೆ ದನಿ ಜೋರಾಗುತ್ತದೆ, ಸ್ಥಾಯಿ ಏರುವುದಿಲ್ಲ.

ವೀಣೆ ಕಲಿಯುತ್ತಿರುವೆ

ಮೇಷ್ಟ್ರೇ, ಈ ಲೆಕ್ಕ ನೋಡಿ ತುಂಬಾ ಖುಷಿ ಆಯಿತು. ಇದನ್ನು ಸ್ವರದಲ್ಲಿ ಹೇಳಿದರೆ ಇನ್ನೂ ಸುಲಭ. ಶೇ 32 ಅಂದರೆ ಷಡ್ಜದಿಂದ ಶುದ್ಧ ಮಧ್ಯಮದ ಹತ್ತಿರ ಹೋದ ಹಾಗೆ. ಸ ಮತ್ತು ಮ ಬೇರೆ ಅಂತ ಯಾವ ಮಗುವಿಗಾದರೂ ಗೊತ್ತಾಗುತ್ತದೆ. ಶೇ 6 ಅಂದರೆ ಷಡ್ಜದಿಂದ ಶುದ್ಧ ರಿಷಭಕ್ಕೂ ಸ್ವಲ್ಪ ಕಡಿಮೆ. ಒಂದೇ ಕ್ಷಣ ಠಪ್ ಅಂದು ನಿಲ್ಲುವ ರಬ್ಬರಿನಲ್ಲಿ ಅಷ್ಟು ಸಣ್ಣ ವ್ಯತ್ಯಾಸ ಹಿಡಿಯಲು ನನಗೇ ಕಷ್ಟ.

ವೀಣೆಯಲ್ಲಿ ಈ ಗೊಂದಲ ಇಲ್ಲ. ಬಿರಡೆ ತಿರುಗಿಸಿದರೆ ತಂತಿ ಬಿಗಿಯುತ್ತದೆ, ಉದ್ದ ಅಷ್ಟೇ ಇರುತ್ತದೆ. ಮೆಟ್ಟಿಲ ಮೇಲೆ ಬೆರಳಿಟ್ಟರೆ ಉದ್ದ ಕಡಿಮೆ ಆಗುತ್ತದೆ, ಬಿಗಿತ ಅಷ್ಟೇ ಇರುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ.

ಟೀಚರ್, ನಿಮ್ಮನ್ನು ಒಂದು ಕೇಳಬೇಕು. "ದನಿ ಏರಿತಾ" ಅಂತ ಕೇಳಿದಿರಲ್ಲ, ಮಕ್ಕಳು ಅದನ್ನು "ಜೋರಾಯಿತಾ" ಅಂತ ಅರ್ಥ ಮಾಡಿಕೊಂಡಿರಬಹುದಲ್ವಾ? ನಾವು ಮನೆಯಲ್ಲಿ "ದನಿ ಏರಿಸಬೇಡ" ಅನ್ನುವುದು ಕೂಗಬೇಡ ಅನ್ನುವುದಕ್ಕೆ. ಮೇಲಿನ ಅಪ್ಪನವರೂ ಹಾಗೇ ತಿಳಿದುಕೊಂಡರು. "ಸಣ್ಣ ದನಿ" ಅಂದರೂ ಅದೇ ತೊಂದರೆ. ಮೆಲ್ಲಗೆ ಅಂತಲೂ ಆಗುತ್ತದೆ, ಕೀರಲು ಅಂತಲೂ ಆಗುತ್ತದೆ.

ತುಮಕೂರು ಟೀಚರ್

ಅಯ್ಯೋ, ಇದು ನನಗೆ ಹೊಳೆದೇ ಇರಲಿಲ್ಲ! ಖಂಡಿತ ಹಾಗೇ ಆಗಿದೆ. ಮುಂದಿನ ಬೆಂಚಿನ ಒಬ್ಬ "ಇನ್ನೂ ಏರಿಸಿ ಟೀಚರ್" ಅಂತ ಹೇಳಿ ಗಟ್ಟಿಯಾಗಿ ಮೀಟಿ ತೋರಿಸಿದ್ದ.

ಹಾಗಾದರೆ ಯಾವ ಮಾತು ಬಳಸಲಿ? ಸ್ಥಾಯಿ ಅಂದರೆ ಆರನೇ ತರಗತಿಗೆ ಏನೂ ತಿಳಿಯುವುದಿಲ್ಲ.

ವೀಣೆ ಕಲಿಯುತ್ತಿರುವೆ

ಸೊಳ್ಳೆ ಮತ್ತು ಗೂಳಿ ಅಂತ ಹೇಳಿ ನೋಡಿ. ಸೊಳ್ಳೆಯ ದನಿ ಮೆಲ್ಲಗಿದ್ದರೂ ಕೀರಲು. ಗೂಳಿಯ ದನಿ ಜೋರಾಗಿದ್ದರೂ ದಪ್ಪ. "ಸೊಳ್ಳೆಯ ಕಡೆಗೆ ಹೋಯಿತಾ, ಗೂಳಿಯ ಕಡೆಗೆ ಹೋಯಿತಾ" ಅಂತ ಕೇಳಿದರೆ ಜೋರಿನ ಮಾತೇ ಬರುವುದಿಲ್ಲ. ನನ್ನ ಹತ್ತಿರ ಕಲಿಯಲು ಬರುವ ಸಣ್ಣ ಮಕ್ಕಳಿಗೆ ಹೀಗೆ ಹೇಳಿದ ಮೇಲೆ ಅವರು ತಪ್ಪುವುದು ಕಡಿಮೆಯಾಗಿದೆ.

ನಿವೃತ್ತ ಭೌತಶಾಸ್ತ್ರ ಮೇಷ್ಟ್ರು

ಸೊಗಸಾಗಿದೆ ತಾಯಿ. ನಾನು ಮೂವತ್ತು ವರ್ಷ ಪಾಠ ಮಾಡಿದರೂ ಈ ಮಾತಿನ ತೊಡಕನ್ನು ಗಮನಿಸಿರಲಿಲ್ಲ.

ಈಗ ವೀಣೆಯ ಉಪಾಯವನ್ನೇ ರಬ್ಬರ್ ಬ್ಯಾಂಡಿಗೆ ತರೋಣ. ಮೊಳೆ ಹಲಗೆ ಬೇಡ. ಸುಮಾರು 15 ಸೆಂ.ಮೀ. ಉದ್ದದ ಸ್ಟೀಲ್ ಟಿಫನ್ ಡಬ್ಬಿ ತೆಗೆದುಕೊಳ್ಳಿ, ಮುಚ್ಚಳ ಬೇಡ. ಉದ್ದಕ್ಕೆ ಒಂದು ದೊಡ್ಡ ರಬ್ಬರ್ ಬ್ಯಾಂಡ್ ಸುತ್ತಿ. ಬಾಯಿಯ ಮೇಲೆ ಅಡ್ಡಲಾಗಿ, 10 ಸೆಂ.ಮೀ. ಅಂತರದಲ್ಲಿ, ಬ್ಯಾಂಡಿನ ಕೆಳಗೆ ಎರಡು ಪೆನ್ಸಿಲ್ ತೂರಿಸಿ. ವೀಣೆಯ ಕುದುರೆಯ ಹಾಗೆ. ಈಗ ನಡುಗುವ ಭಾಗ ಆ 10 ಸೆಂ.ಮೀ. ಮಾತ್ರ. ಅದನ್ನು ಮೀಟಿ. ಆಮೇಲೆ ಡಬ್ಬಿಯ ಒಂದು ಕೊನೆಯಲ್ಲಿ, ಪೆನ್ಸಿಲಿನ ಆಚೆಗೆ, ಬ್ಯಾಂಡನ್ನು ಬೆರಳಿನಿಂದ ಹೊರಕ್ಕೆ ಎಳೆದು ಹಿಡಿದು ಮತ್ತೆ ಮೀಟಿ. ಉದ್ದ ಬದಲಾಗಿಲ್ಲ, ಬಿಗಿತ ಹೆಚ್ಚಾಗಿದೆ. ದನಿ ಸೊಳ್ಳೆಯ ಕಡೆಗೆ ಹೋಗುವುದು ಸ್ಪಷ್ಟವಾಗಿ ಕೇಳಿಸುತ್ತದೆ.

ಎರಡು ಕಡೆ ಕೆಡಬಹುದು. ಆರು ಮೂಲೆಯ ಪೆನ್ಸಿಲಿಗೆ ರಬ್ಬರು ಕಚ್ಚಿಕೊಂಡರೆ ಹೊರಗೆ ಎಳೆದ ಬಿಗಿತ ಒಳಗಿನ ಭಾಗಕ್ಕೆ ದಾಟುವುದೇ ಇಲ್ಲ. ದುಂಡನೆಯ ನುಣುಪಾದ ಪೆನ್ನು ಹಾಕಿ, ಅದರ ಮೇಲೆ ಚೂರು ಪೌಡರ್ ಸವರಿ. ಇನ್ನೊಂದು, ಬ್ಯಾಂಡ್ ಡಬ್ಬಿಯ ಅಂಚಿಗೆ ತಾಗಿದರೆ ಜರ್ ಅನ್ನುತ್ತದೆ. ಮಕ್ಕಳು ಆ ಜರ್ ಶಬ್ದಕ್ಕೇ ಉತ್ತರ ಹೇಳಿಬಿಡುತ್ತಾರೆ. ಪೆನ್ನುಗಳು ಬ್ಯಾಂಡನ್ನು ಅಂಚಿನಿಂದ ಚೆನ್ನಾಗಿ ಎತ್ತಿರಬೇಕು.

ಮೊಳೆ ಹಲಗೆಯನ್ನು ಎಸೆಯಬೇಡಿ. ಡಬ್ಬಿಯ ಪ್ರಯೋಗ ಆದ ಮೇಲೆ ಅದನ್ನು ಮತ್ತೆ ಆ ಹುಡುಗಿಯ ಕೈಗೆ ಕೊಡಿ. "ಇಲ್ಲಿ ಯಾಕೆ ಬದಲಾಗಲಿಲ್ಲ?" ಅಂತ ಅವಳೇ ಹೇಳಲಿ.

ಬಿ.ಇಡಿ. ತಮ್ಮನ ವಿಡಿಯೋ ವಿಚಾರಕ್ಕೂ ಒಂದು ಮಾತು. ಆ ಹಾವಿನಂಥ ಅಲೆ ಬ್ಯಾಂಡಿನ ನಿಜವಾದ ಆಕಾರ ಅಲ್ಲ. ಮೊಬೈಲಿನ ಕ್ಯಾಮೆರಾ ಇಡೀ ಚಿತ್ರವನ್ನು ಒಂದೇ ಸಲಕ್ಕೆ ತೆಗೆಯುವುದಿಲ್ಲ. ಸಾಲು ಸಾಲಾಗಿ ಓದಿಕೊಳ್ಳುತ್ತದೆ. ಒಂದು ಸಾಲು ಓದಿ ಮುಂದಿನದಕ್ಕೆ ಬರುವಷ್ಟರಲ್ಲಿ ಬ್ಯಾಂಡ್ ಸರಿದಿರುತ್ತದೆ. ಎಲ್ಲವನ್ನೂ ಸೇರಿಸಿದಾಗ ಅಲೆಯ ಥರ ಕಾಣುತ್ತದೆ. ನಿಜದಲ್ಲಿ ಮೀಟಿದ ಬ್ಯಾಂಡ್ ಮುಖ್ಯವಾಗಿ ನಡುವೆ ಉಬ್ಬಿ ಈ ಕಡೆ ಆ ಕಡೆ ಹೋಗುತ್ತದೆ. ಬರಿಗಣ್ಣಿಗೆ ಕಾಣುವ ಆ ಮಸುಕಾದ ಉಬ್ಬೇ ಸರಿಯಾದ ಚಿತ್ರ.

ಬಿ.ಇಡಿ. ಎರಡನೇ ವರ್ಷ

ಸರ್, ವಿಡಿಯೋ ವಿಚಾರ ಈಗ ಪರೀಕ್ಷಿಸಿದೆ. ಮೊಬೈಲನ್ನು ಅಡ್ಡ ಹಿಡಿದಾಗ ಅಲೆ ಕಾಣಿಸಿತು, ನೆಟ್ಟಗೆ ತಿರುಗಿಸಿದರೆ ಅಲೆಯ ಆಕಾರವೇ ಬದಲಾಯಿತು. ಬ್ಯಾಂಡ್ ಅದೇ, ಮೀಟಿದ್ದೂ ಅದೇ ಥರ. ಅಂದರೆ ಕ್ಯಾಮೆರಾದ್ದೇ ಕೆಲಸ. ಧನ್ಯವಾದ ಸರ್. ನಾನು ಇದನ್ನು ಅಭ್ಯಾಸ ಪಾಠದಲ್ಲಿ ಶಬ್ದದ ಅಲೆ ಅಂತಲೇ ತೋರಿಸಿಬಿಟ್ಟಿದ್ದೇನೆ. ಆ ಮಕ್ಕಳ ಹತ್ತಿರ ಹೋಗಿ ಸರಿಪಡಿಸಬೇಕು.

ಶ್ರುತಿ ಕವೆಯ ಬಗ್ಗೆ ಒಂದು ಪ್ರಶ್ನೆ. ಹೊಡೆದು ಹಿಡಿಯನ್ನು ಮೇಜಿಗೆ ಒತ್ತಿದರೆ ಮೇಜು ಶಬ್ದವನ್ನು ಹೆಚ್ಚಿಸುತ್ತದೆ ಅಂತ ಹೇಳಿಕೊಡುತ್ತೇವೆ. ಇದಾದರೂ ಸರಿ ಅಲ್ವಾ?

ನಿವೃತ್ತ ಭೌತಶಾಸ್ತ್ರ ಮೇಷ್ಟ್ರು

ಜೋರಾಗಿ ಕೇಳಿಸುವುದು ನಿಜ. ಆದರೆ ಮೇಜು ಎಲ್ಲಿಂದಲೋ ಹೊಸ ಶಬ್ದ ತಂದು ಸೇರಿಸುವುದಿಲ್ಲ. ಕವೆಯ ಎರಡು ಕಡ್ಡಿಗಳು ತೆಳ್ಳಗಿವೆ. ಒಂದು ಹೊರಕ್ಕೆ ಹೋದಾಗ ಇನ್ನೊಂದೂ ಹೊರಕ್ಕೆ, ಒಳಕ್ಕೆ ಬಂದಾಗ ಎರಡೂ ಒಳಕ್ಕೆ. ಗಾಳಿ ಪಕ್ಕದಿಂದ ಜಾರಿಕೊಳ್ಳುತ್ತದೆ. ಹಾಗಾಗಿ ಕವೆ ಒಂದೇ ಇದ್ದಾಗ ಗಾಳಿಯನ್ನು ಸರಿಯಾಗಿ ತಳ್ಳಲಾರದು. ಹಿಡಿಯನ್ನು ಮೇಜಿಗೆ ಒತ್ತಿದಾಗ ಮೇಜಿನ ಅಗಲವಾದ ಹಲಗೆ ನಡುಗುತ್ತದೆ. ಅದು ಗಾಳಿಯನ್ನು ಚೆನ್ನಾಗಿ ತಳ್ಳುತ್ತದೆ. ಆದರೆ ಕವೆಯಲ್ಲಿದ್ದ ನಡುಕ ಅಷ್ಟೇ ಬೇಗ ಖರ್ಚಾಗುತ್ತದೆ.

ಇದನ್ನು ಮಕ್ಕಳೇ ಅಳೆಯಬಹುದು. ಗಡಿಯಾರ ನೋಡಿಕೊಂಡು ಎಣಿಸಲಿ. ಕಿವಿಯ ಹತ್ತಿರ ಹಿಡಿದರೆ ಎಷ್ಟು ಹೊತ್ತು ಕೇಳಿಸುತ್ತದೆ, ಮೇಜಿಗೆ ಒತ್ತಿದರೆ ಎಷ್ಟು ಹೊತ್ತು. ಇನ್ನೊಂದು ಆಟ: ಹೊಡೆದ ಕವೆಯನ್ನು ಕಿವಿಯ ಹತ್ತಿರ ನೆಟ್ಟಗೆ ಹಿಡಿದು ಹಿಡಿಯನ್ನು ಬೆರಳುಗಳ ನಡುವೆ ನಿಧಾನ ಒಂದು ಸುತ್ತು ತಿರುಗಿಸಲಿ. ನಾಲ್ಕು ಸಲ ದನಿ ಸೊರಗಿ ಮತ್ತೆ ಬರುತ್ತದೆ.

ಕವೆಯನ್ನು ಬೆಂಚಿನ ಅಂಚಿಗೆ ಹೊಡೆಯಲು ಬಿಡಬೇಡಿ. ಟಿಂಯ್ ಅಂತ ಬೇರೆಯೇ ಒಂದು ಕೀರಲು ದನಿ ಮೊದಲು ಬರುತ್ತದೆ, ಕವೆಯೂ ಕಾಲಕ್ರಮದಲ್ಲಿ ಹಾಳಾಗುತ್ತದೆ. ರಬ್ಬರ್ ಪ್ಯಾಡ್ ಕಳೆದುಹೋಗಿದ್ದರೆ ಹವಾಯಿ ಚಪ್ಪಲಿಯ ಹಿಮ್ಮಡಿ ಸಾಕು. ನಡುಗುತ್ತಿರುವ ಕವೆಯನ್ನು ಹಲ್ಲಿಗೆ, ಕನ್ನಡಕಕ್ಕೆ, ಗಾಜಿನ ಲೋಟಕ್ಕೆ ತಾಗಿಸಲು ಬಿಡಬೇಡಿ. ನೀರಿಗೆ ತಾಗಿಸುವುದಾದರೆ ಸ್ಟೀಲ್ ತಟ್ಟೆ.

ಮಲೆನಾಡು ಮೇಷ್ಟ್ರು

ಕ್ಷಮಿಸಿ, ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಆರನೇ ತರಗತಿಗೆ ಸ್ಥಾಯಿ, ಬಿಗಿತ, ಶೇಕಡಾ ಲೆಕ್ಕ ಎಲ್ಲ ಬೇಕಾ? ಆ ವಯಸ್ಸಿಗೆ ಒಂದೇ ವಿಚಾರ ಗಟ್ಟಿಯಾಗಿ ಕೂತರೆ ಸಾಕು: ನಡುಗಿದರೆ ಶಬ್ದ, ನಡುಕ ನಿಂತರೆ ಶಬ್ದವೂ ನಿಂತಿತು. ನಾನು ರಬ್ಬರ್ ಬ್ಯಾಂಡ್ ಮೀಟಿಸಿ ಬೆರಳಿನಿಂದ ಮುಟ್ಟಿ ನಿಲ್ಲಿಸಲು ಹೇಳುತ್ತೇನೆ. ಊಟದ ತಟ್ಟೆ ಬಡಿದು ಮುಟ್ಟಿ ನಿಲ್ಲಿಸಲು ಹೇಳುತ್ತೇನೆ. ಶ್ರುತಿ ಕವೆಯನ್ನೂ ಹಾಗೇ. ಮೂರರಲ್ಲೂ ಮುಟ್ಟಿದ ಕ್ಷಣ ದನಿ ಸತ್ತಿತು ಅನ್ನುವುದೇ ನನ್ನ ಇಡೀ ಪಾಠ.

ಆದರೆ ಈ ಪಾಠದಲ್ಲೂ ನಾನು ಸಿಕ್ಕಿಕೊಂಡ ಒಂದು ಕಡೆ ಇದೆ. ಗಂಟಲು ಮುಟ್ಟಿಕೊಂಡು "ಮ್" ಅನ್ನಿ ಅಂದರೆ ನಡುಕ ಸಿಗುತ್ತದೆ. ಒಬ್ಬ ಹುಡುಗ "ಸ್ ಸ್" ಅಂದು, "ಸರ್, ಗಂಟಲು ನಡುಗುತ್ತಿಲ್ಲ, ಆದರೂ ಶಬ್ದ ಬಂತಲ್ಲ" ಅಂದ. ಅವನಿಗೆ ನಾನು ಇನ್ನೂ ಉತ್ತರ ಬಾಕಿ ಇಟ್ಟಿದ್ದೇನೆ.

ನಿವೃತ್ತ ಭೌತಶಾಸ್ತ್ರ ಮೇಷ್ಟ್ರು

ಒಳ್ಳೆಯ ಹುಡುಗ. "ಸ್" ಅನ್ನುವಾಗ ನಾಲಿಗೆ ಮತ್ತು ಹಲ್ಲಿನ ನಡುವಿನ ಸಂದಿಯಲ್ಲಿ ಗಾಳಿ ನುಗ್ಗಿ ಸುಳಿಸುಳಿಯಾಗುತ್ತದೆ. ಅಲ್ಲಿ ನಡುಗುವುದು ಗಾಳಿಯೇ. ಪ್ರೆಶರ್ ಕುಕ್ಕರಿನ ಸೀಟಿಯಲ್ಲಿ ನುಗ್ಗುವ ಹಬೆಯ ಹಾಗೆ. ಆದರೆ ಅದನ್ನು ಮುಟ್ಟಿ ತೋರಿಸಲು ಆಗುವುದಿಲ್ಲ, ಅದೇ ಕಷ್ಟ. ಹನ್ನೊಂದು ವರ್ಷದ ಮಗುವಿಗೆ ಇದನ್ನು ಹೇಗೆ ಕಾಣಿಸುವುದು ಅನ್ನುವುದಕ್ಕೆ ನನ್ನ ಹತ್ತಿರವೂ ಒಳ್ಳೆಯ ಉಪಾಯ ಇಲ್ಲ. ಯಾರಿಗಾದರೂ ಹೊಳೆದರೆ ಬರೆಯಿರಿ.

ಸ್ಥಾಯಿ ಬೇಕೋ ಬೇಡವೋ ಅನ್ನುವುದರಲ್ಲಿ ನಾನು ಟೀಚರಮ್ಮನ ಪರ. ಮಗು ಕೇಳಿಬಿಟ್ಟಿದೆ, ಇನ್ನು ಮುಂದೂಡುವ ಹಾಗಿಲ್ಲ.

ಮೂರನೇ ಮಹಡಿ ಅಪ್ಪ

ಮೇಷ್ಟ್ರೇ, ಆಮೇಲೆ ಬರುತ್ತೇನೆ ಅಂದಿದ್ದಿರಿ. ಮಗಳು ದಿನಾ ಕೇಳುತ್ತಿದ್ದಾಳೆ.

ನಿವೃತ್ತ ಭೌತಶಾಸ್ತ್ರ ಮೇಷ್ಟ್ರು

ಬಂದೆ ಸ್ವಾಮಿ. ದಾರ ಮೇಲಿಂದ ಗೇಟಿಗೆ ಹೋಗುವಾಗ ಬಾಲ್ಕನಿಯ ಕಂಬಿಗೆ ತಾಗುತ್ತದಾ? ದಾರ ಬಿಗಿಯಾಗಿ ಇರುತ್ತದಾ, ಜೋತುಬಿದ್ದಿರುತ್ತದಾ?

ಮೂರನೇ ಮಹಡಿ ಅಪ್ಪ

ಕಂಬಿಯ ಮೇಲೆ ಹಾದುಹೋಗುತ್ತದೆ. ಎರಡನೇ ಮಹಡಿಯವರ ಬಟ್ಟೆ ಒಣಗಿಸುವ ತಂತಿಗೂ ತಾಗುತ್ತದೆ. ಉಲ್ಲನ್ ಆಗಿದ್ದರಿಂದ ಎಳೆದರೆ ಹಿಗ್ಗುತ್ತದೆ, ಪೂರ್ತಿ ಬಿಗಿ ಆಗುವುದಿಲ್ಲ.

ನಿವೃತ್ತ ಭೌತಶಾಸ್ತ್ರ ಮೇಷ್ಟ್ರು

ಮೂರು ಕಾರಣವೂ ಅಲ್ಲೇ ಇದೆ. ದಾರದ ಫೋನಿನಲ್ಲಿ ದಾರ ರಬ್ಬರ್ ಬ್ಯಾಂಡಿನ ಥರ ಅಕ್ಕಪಕ್ಕ ಕುಣಿಯುವುದು ಮುಖ್ಯ ಅಲ್ಲ. ಲೋಟದ ತಳ ಮುಂದಕ್ಕೆ ಹಿಂದಕ್ಕೆ ನಡುಗಿ ದಾರವನ್ನು ಉದ್ದಕ್ಕೆ ಜಗ್ಗುತ್ತದೆ, ಬಿಡುತ್ತದೆ. ಆ ಜಗ್ಗಾಟ ದಾರದ ಉದ್ದಕ್ಕೂ ಸಾಗಿ ಆಚೆಯ ಲೋಟದ ತಳವನ್ನು ಜಗ್ಗುತ್ತದೆ. ಜೋತುಬಿದ್ದ ದಾರವನ್ನು ಜಗ್ಗಿದರೆ ಆಚೆ ಕೊನೆಗೆ ಏನೂ ತಲುಪುವುದಿಲ್ಲ. ಮೆತ್ತನೆಯ, ಹಿಗ್ಗುವ ಉಲ್ಲನ್ ಜಗ್ಗಾಟವನ್ನು ನುಂಗಿಬಿಡುತ್ತದೆ. ನಡುವೆ ಕಂಬಿಗೆ ತಾಗಿದರೆ ಅಲ್ಲೇ ಖರ್ಚಾಗುತ್ತದೆ.

ಹೊಲಿಗೆಯ ಗಟ್ಟಿ ಹತ್ತಿ ದಾರ ಅಥವಾ ಗಾಳದ ನೈಲಾನ್ ದಾರ ಹಾಕಿ. ಲೋಟದ ಒಳಗೆ ಬೆಂಕಿಕಡ್ಡಿಯ ತುಂಡಿಗೆ ಗಂಟು ಹಾಕಿದರೆ ಕಳಚುವುದಿಲ್ಲ. ಕಂಬಿಯ ಹತ್ತಿರ ದಾರ ತಿರುಗಲೇಬೇಕಾದರೆ, ಕಂಬಿಗೆ ಇನ್ನೊಂದು ಸಣ್ಣ ದಾರದ ಕುಣಿಕೆ ಕಟ್ಟಿ. ಫೋನಿನ ದಾರ ಆ ಕುಣಿಕೆಯೊಳಗೆ ನೇತಾಡುತ್ತಾ ತಿರುಗಲಿ. ಸ್ವಲ್ಪ ನಷ್ಟ ಆಗುತ್ತದೆ, ಆದರೂ ಕೇಳಿಸುತ್ತದೆ. 1665ರಲ್ಲೇ ರಾಬರ್ಟ್ ಹುಕ್ ಬಿಗಿದ ತಂತಿಯ ಮೂಲಕ ಶಬ್ದವನ್ನು ಬಹಳ ದೂರ ಕಳಿಸಿದ್ದಾಗಿ ಬರೆದಿದ್ದಾನೆ. ಮಗಳಿಗೆ ಹೇಳಿ.

ಒಂದು ಎಚ್ಚರಿಕೆ. ದಾರ ಎಳೆದು ಬಿಗಿ ಮಾಡುವಾಗ ಮಗು ಬಾಲ್ಕನಿಯಿಂದ ಬಾಗಬಾರದು. ಮೇಲಿನ ಕೊನೆಯಲ್ಲಿ ನೀವೇ ಇರಿ.

ತುಮಕೂರು ಟೀಚರ್

ಶನಿವಾರ ಮುಗಿಸಿ ಬಂದಿದ್ದೇನೆ. ಉದ್ದ ಆಗುತ್ತದೆ, ಕ್ಷಮಿಸಿ.

ಈ ಸಲ ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಮಕ್ಕಳಿಗೆ ಕಣ್ಣು ಮುಚ್ಚಿಸಿದೆ. ಡಬ್ಬಿಯ ಬ್ಯಾಂಡನ್ನು ಎರಡು ಸಲ ಮೀಟಿ, ಸೊಳ್ಳೆ ಕಡೆಗೆ ಹೋದರೆ ಕೈ ಮೇಲೆ, ಗೂಳಿ ಕಡೆಗೆ ಹೋದರೆ ಕೈ ಕೆಳಗೆ, ಬದಲಾಗದಿದ್ದರೆ ಕೈ ಕಟ್ಟಿಕೊಳ್ಳಿ ಅಂದೆ. ಮೊದಲ ಸಲ ಅರ್ಧ ತರಗತಿ ತಪ್ಪಿತು. ಮೇಷ್ಟ್ರು ಹೇಳಿದ ಹಾಗೆ ಪೆನ್ಸಿಲಿಗೆ ರಬ್ಬರು ಕಚ್ಚಿಕೊಂಡಿತ್ತು. ಮೀಟಿದ ಮೇಲೆ ಪೆನ್ಸಿಲೇ ವಾಲಿ ನಿಂತಿದ್ದು ನೋಡಿ ಗೊತ್ತಾಯಿತು. ದುಂಡು ಪೆನ್ನು, ಪೌಡರ್ ಹಾಕಿ ಮತ್ತೆ ಮಾಡಿದೆ. 34ರಲ್ಲಿ 30 ಕೈ ಮೇಲೆ.

ಆಮೇಲೆ ಮೊಳೆ ಹಲಗೆ. ಕಣ್ಣು ಮುಚ್ಚಿಸಿಯೇ ಮೀಟಿದೆ. ಈಗ 25 ಮಕ್ಕಳು ಕೈ ಕಟ್ಟಿಕೊಂಡಿದ್ದರು. ಕಣ್ಣು ಬಿಟ್ಟು ಒಬ್ಬರನ್ನೊಬ್ಬರು ನೋಡಿಕೊಂಡು ಅವರಿಗೇ ಆಶ್ಚರ್ಯ. ಹಿಂದಿನ ಬೆಂಚಿನವಳನ್ನು ಕರೆದು ಎರಡನ್ನೂ ಕೊಟ್ಟೆ. ತುಂಬಾ ಹೊತ್ತು ನೋಡಿ, "ಇಲ್ಲಿ ಬಿಗಿ ಆದಾಗ ಉದ್ದವೂ ಆಯಿತು ಟೀಚರ್, ಡಬ್ಬಿಯಲ್ಲಿ ಉದ್ದ ಆಗಲಿಲ್ಲ" ಅಂದಳು. ತೆಳ್ಳಗಾದದ್ದನ್ನು ಅವಳು ಹೇಳಲಿಲ್ಲ, ನಾನೂ ಸೇರಿಸಲಿಲ್ಲ. ಅದು ಮುಂದೆ ಬರಲಿ ಅನಿಸಿತು.

ಶ್ರುತಿ ಕವೆಯನ್ನು ಬೇಗ ಮುಗಿಸಿದೆ. ನಮ್ಮ ಹತ್ತಿರ ಇರುವುದು ಒಂದೇ, 512ರದ್ದು. ಕಿವಿಯ ಹತ್ತಿರ ಮಕ್ಕಳು 40 ಎಣಿಸಿದರು, ಬೆಂಚಿಗೆ ಒತ್ತಿದಾಗ 12.

ಬೆಂಕಿಪೊಟ್ಟಣದ ಫೋನಿನಲ್ಲಿ ಒಂದು ಸಂದೇಹ ಮೊದಲೇ ಇತ್ತು. ವರಾಂಡದ ಎರಡು ಕೊನೆಯಲ್ಲಿ ನಿಂತು ಮಾತಾಡಿದರೆ ಗಾಳಿಯಲ್ಲೇ ಕೇಳಿಸುತ್ತದಲ್ಲ, ದಾರದಿಂದ ಬಂತು ಅಂತ ಹೇಗೆ ಹೇಳುವುದು? ಹಾಗಾಗಿ ಒಬ್ಬ ಹುಡುಗನಿಗೆ ಹತ್ತು ಅಂಕಿ ಬರೆದ ಚೀಟಿ ಕೊಟ್ಟು ಪಿಸುಮಾತಿನಲ್ಲಿ ಓದಲು ಹೇಳಿದೆ. ಆಚೆಯವಳು ಕೇಳಿದ್ದನ್ನು ಬರೆಯಬೇಕು. ದಾರ ಬಿಗಿ ಇದ್ದಾಗ ಹತ್ತರಲ್ಲಿ 8 ಸರಿ. ಅದೇ ಜಾಗ, ಬೇರೆ ಚೀಟಿ, ದಾರ ಸಡಿಲ ಬಿಟ್ಟಾಗ 1. ಆ ಒಂದೂ ಊಹೆ ಅಂತ ಅವಳೇ ಒಪ್ಪಿಕೊಂಡಳು. ಬಿಗಿ ದಾರದಲ್ಲೂ ತಪ್ಪಿದ ಒಂದು ಅಂಕಿ "ಮೂರು". ಅವಳು "ನೂರು" ಅಂತ ಬರೆದಿದ್ದಳು.

ವೀಣೆ ಕಲಿಯುತ್ತಿರುವೆ

ಓದುತ್ತಾ ಓದುತ್ತಾ ಕಣ್ಣು ತುಂಬಿತು ಟೀಚರ್. ಆ ಹುಡುಗಿಗೆ ನನ್ನದೊಂದು ಶಹಬ್ಬಾಸ್ ಹೇಳಿ. ಹತ್ತಿರದಲ್ಲಿ ಯಾರಾದರೂ ತಂಬೂರಿ ಇಟ್ಟುಕೊಂಡಿದ್ದರೆ ಅವಳಿಗೆ ಒಮ್ಮೆ ತೋರಿಸಿ. ಅಂಥ ಕಿವಿ ಎಲ್ಲರಿಗೂ ಇರುವುದಿಲ್ಲ.

ಮಲೆನಾಡು ಮೇಷ್ಟ್ರು

ಕಣ್ಣು ಮುಚ್ಚಿಸಿದ್ದು ಮತ್ತು ಚೀಟಿಯ ಉಪಾಯ ನಾನೂ ಮಾಡುತ್ತೇನೆ. ಸ್ಥಾಯಿಯನ್ನು ಆರನೇ ತರಗತಿಗೆ ತರಬೇಕು ಅಂತ ಇನ್ನೂ ಒಪ್ಪಿಲ್ಲ. ಮೂವತ್ತು ಕೈ ಮೇಲೆ ಹೋದದ್ದು ಸಂತೋಷ, ಆದರೆ ತಪ್ಪಿದ ಆ ನಾಲ್ಕು ಮಕ್ಕಳಿಗೆ ಏನು ಸಿಕ್ಕಿತು ಅನ್ನುವುದೇ ನನ್ನ ಯೋಚನೆ.

ತುಮಕೂರು ಟೀಚರ್

ನಿಜ ಸರ್. ಆ ನಾಲ್ವರಲ್ಲಿ ಇಬ್ಬರು ಬ್ಯಾಂಡ್ ನಡುಗುವುದನ್ನು ಬೆರಳಿಟ್ಟು ನೋಡುವುದರಲ್ಲೇ ಮುಳುಗಿದ್ದರು. ನೀವು ಹೇಳಿದ ಮುಟ್ಟಿ ನಿಲ್ಲಿಸುವ ಆಟವನ್ನು ಅವರಿಂದಲೇ ಶುರು ಮಾಡಿಸುತ್ತೇನೆ.

ಮೂರನೇ ಮಹಡಿ ಅಪ್ಪ

ಕೇಳಿಸಿತು! ಗಾಳದ ದಾರ, ಕಂಬಿಗೆ ಕುಣಿಕೆ. "ಅಪ್ಪಾ, ಕೇಳಿಸ್ತಾ?" ಅಂದದ್ದು ಸ್ಪಷ್ಟವಾಗಿ ಬಂತು. ಎರಡನೇ ಮಹಡಿಯವರು ತಂತಿಯನ್ನು ಒಂದು ದಿನದ ಮಟ್ಟಿಗೆ ಬಿಚ್ಚಿಕೊಟ್ಟರು. ಎಲ್ಲರಿಗೂ ಧನ್ಯವಾದ.

ತುಮಕೂರು ಟೀಚರ್

ತುಂಬಾ ಸಂತೋಷ ಸರ್. ಇನ್ನೊಂದು ಹೇಳಲು ಮರೆತಿದ್ದೆ. ಮನೆಗೆ ಹೊರಡುವಾಗ ಹಿಂದಿನ ಬೆಂಚಿನವಳು ಬಂದು, "ಟೀಚರ್, ಫೋನಿಗೆ ದಾರದ ಬದಲು ರಬ್ಬರ್ ಬ್ಯಾಂಡುಗಳನ್ನೇ ಗಂಟು ಹಾಕಿ ಕಟ್ಟಿದರೆ ಕೇಳಿಸುತ್ತಾ?" ಅಂತ ಕೇಳಿದಳು.

ಬಿ.ಇಡಿ. ಎರಡನೇ ವರ್ಷ

ಕೇಳಿಸಬೇಕು ಮೇಡಂ. ರಬ್ಬರು ದಾರಕ್ಕಿಂತ ಚೆನ್ನಾಗಿ ನಡುಗುತ್ತದಲ್ಲ.

ನಿವೃತ್ತ ಭೌತಶಾಸ್ತ್ರ ಮೇಷ್ಟ್ರು

ಅಕ್ಕಪಕ್ಕ ಚೆನ್ನಾಗಿ ನಡುಗುತ್ತದೆ, ನಿಜ. ಉದ್ದಕ್ಕೆ ಜಗ್ಗಾಟ ಸಾಗಿಸುವುದರಲ್ಲಿ ಉಲ್ಲನ್ನಿನ ಥರ ಸೋಮಾರಿ ಆಗಬಹುದು ಅಂತ ನನ್ನ ಅನಿಸಿಕೆ. ಪೂರ್ತಿ ಎಳೆದು ಬಿಗಿ ಮಾಡಿದರೆ ಏನಾಗುತ್ತದೋ, ನಾನು ಮಾಡಿ ನೋಡಿಲ್ಲ. ಟೀಚರಮ್ಮ, ಎರಡು ಮೀಟರ್ ದಾರ, ಎರಡು ಮೀಟರ್ ರಬ್ಬರು, ಅದೇ ಹತ್ತು ಅಂಕಿಯ ಚೀಟಿ. ಎಳೆದ ರಬ್ಬರು ಕಿತ್ತು ಮುಖಕ್ಕೆ ಬಡಿಯದ ಹಾಗೆ ಪೊಟ್ಟಣವನ್ನು ಕಿವಿಗೆ ಹಿಡಿದವರು ಪಕ್ಕಕ್ಕೆ ತಿರುಗಿ ನಿಲ್ಲಲಿ. ಎಷ್ಟು ಸರಿ ಬಂತು ಅಂತ ಅವಳಿಂದಲೇ ಬರೆಸಿ ಇಲ್ಲಿ ಹಾಕಿ.